ಮೋಟಾರ್ ಬಿಚ್ಚಿಟ್ಟರೂ ಮಾಸ್‌ಫೆಟ್ ಸುಡುತ್ತಿದೆಯೇ? ಎಚ್-ಬ್ರಿಡ್ಜ್‌ನ ಶೂಟ್-ಥ್ರೂ ಹಿಡಿಯುವ ಬಗೆ

ಗಂಗಾವತಿಯಲ್ಲಿ ನನ್ನದು ಸಣ್ಣ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ. ಭತ್ತದ ಸುಗ್ಗಿ ಮುಗಿದು ಮಿಲ್‌ಗಳು ಜೋರಾಗಿ ಓಡುವ ದಿನಗಳಲ್ಲಿ ಮಿಲ್‌ನ ಬೋರ್ಡುಗಳೇ ಜಾಸ್ತಿ ಬರುತ್ತವೆ. ಹಾಗೆ ಬಂದದ್ದರಲ್ಲಿ ಇದೂ ಒಂದು. ಕಾರಟಗಿ ಕಡೆಯ ಒಂದು ರೈಸ್‌ಮಿಲ್‌ನಲ್ಲಿ ಅಕ್ಕಿ ಚೀಲ ತುಂಬುವ ಹಾಪರ್ ಇದೆ. ಅದರ ಬಾಯಿಗೆ ಒಂದು ತಗಡಿನ ಗೇಟು. ಮಿಲ್‌ನಲ್ಲೇ ಕೆಲಸ ಮಾಡುವ ಡಿಪ್ಲೊಮಾ ಓದಿದ ಹುಡುಗ ಆ ಗೇಟಿಗೆ ಕಾರಿನ ಪವರ್ ವಿಂಡೋ ಮೋಟಾರ್ ಕೂರಿಸಿದ್ದ. ಗೇಟು ಪೂರ್ತಿ ವೇಗದಲ್ಲಿ ತೆರೆಯಬೇಕು. ಚೀಲದ ತೂಕ 25 ಕೆ.ಜಿ. ಹತ್ತಿರ ಬಂದಾಗ ನಿಧಾನಕ್ಕೆ ಮುಚ್ಚುತ್ತಾ ಬಂದು ಗಕ್ಕನೆ ನಿಲ್ಲಬೇಕು. ಇಷ್ಟಕ್ಕೆ ಆರ್ಡುಯಿನೋ ಒಂದು, ತಾನೇ ಕಟ್ಟಿದ ಎಚ್-ಬ್ರಿಡ್ಜ್ ಒಂದು.

"ಅಣ್ಣಾ, ಮನ್ಯಾಗ ಟೇಬಲ್ ಮ್ಯಾಲೆ ಒಂದು ತಾಸು ಓಡಿಸೀನಿ, ಏನೂ ಆಗಿಲ್ಲ. ಮಿಲ್‌ನ್ಯಾಗ ಬ್ಯಾಟ್ರಿಗೆ ಹಚ್ಚೀನಿ, ಎರಡು ಚೀಲ ತುಂಬೂದ್ರಾಗ ಹೊಗಿ ಬಂತು. ಮಾಸ್‌ಫೆಟ್ ಬದಲಿಸೀನಿ, ಮತ್ತ ಸುಟ್ಟೈತಿ" ಅಂದ. ಮಿಲ್‌ನ ಸಾವ್ಕಾರ್ರು ಆಗಲೇ ಇವನ ಮೇಲೆ ಗರಂ ಆಗಿದ್ದರಂತೆ.

ಟೇಬಲ್ ಮೇಲೆ ಓಡಿ, ಬ್ಯಾಟರಿಗೆ ಹಾಕಿದರೆ ಸುಡುತ್ತದೆ ಅಂದ ಕೂಡಲೇ ನಾನು ಕೇಳಿದ್ದು ಒಂದೇ ಪ್ರಶ್ನೆ: ಮನೆಯಲ್ಲಿ ಕರೆಂಟು ಎಲ್ಲಿಂದ ಕೊಟ್ಟೆ? 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್, ಒಂದು ಆಟಿಕೆ ಮೋಟಾರ್. ಆ ಅಡಾಪ್ಟರ್ ಎಷ್ಟು ಕೇಳಿದರೂ ಅಷ್ಟು ಕೊಡುವುದಿಲ್ಲ. ಹೆಚ್ಚು ಎಳೆದರೆ ವೋಲ್ಟೇಜ್ ಇಳಿಸಿ ಸುಮ್ಮನಾಗುತ್ತದೆ. ಟ್ರ್ಯಾಕ್ಟರ್ ಬ್ಯಾಟರಿ ಹಾಗಲ್ಲ, ಶಾರ್ಟ್ ಸಿಕ್ಕರೆ ನೂರಾರು ಆಂಪಿಯರ್ ಸುರಿಯುತ್ತದೆ. ಬೋರ್ಡಿನಲ್ಲಿ ದೋಷ ಮೊದಲ ದಿನದಿಂದಲೂ ಇತ್ತು. ಅಡಾಪ್ಟರ್ ಅದನ್ನು ಮುಚ್ಚಿಟ್ಟಿತ್ತು ಅಷ್ಟೇ.

ಸತ್ತಿರುವುದು ಯಾವುದು ಅಂತ ಮೊದಲು ನೋಡಿ

ಎಚ್-ಬ್ರಿಡ್ಜ್ ಅಂದರೆ ಎರಡು ಲೆಗ್. ಪ್ರತಿ ಲೆಗ್‌ನಲ್ಲಿ ಮೇಲೊಂದು, ಕೆಳಗೊಂದು ಸ್ವಿಚ್, ಅಂದರೆ ಮಾಸ್‌ಫೆಟ್. ಮೋಟಾರ್ ಎರಡು ಲೆಗ್‌ಗಳ ನಡುವೆ ಅಡ್ಡಕ್ಕೆ ಕೂತಿರುತ್ತದೆ. ಎಡ ಮೇಲಿನದು ಮತ್ತು ಬಲ ಕೆಳಗಿನದು ಆನ್ ಆದರೆ ಒಂದು ದಿಕ್ಕು. ಬಲ ಮೇಲಿನದು ಮತ್ತು ಎಡ ಕೆಳಗಿನದು ಆನ್ ಆದರೆ ಇನ್ನೊಂದು ದಿಕ್ಕು. ಕೆಳಗಿನ ಎರಡೂ ಆನ್ ಆದರೆ ಮೋಟಾರ್‌ನ ಎರಡು ತುದಿ ಒಂದಕ್ಕೊಂದು ಕೂಡಿ ಬ್ರೇಕ್ ಬೀಳುತ್ತದೆ. ಒಂದೇ ಲೆಗ್‌ನ ಮೇಲಿನದು, ಕೆಳಗಿನದು ಒಟ್ಟಿಗೆ ಆನ್ ಆದರೆ ಬ್ಯಾಟರಿಯ ಪ್ಲಸ್ಸಿನಿಂದ ಮೈನಸ್ಸಿಗೆ ನೇರ ದಾರಿ. ನಡುವೆ ಮೋಟಾರ್ ಇರುವುದೇ ಇಲ್ಲ. ಇದೇ ಶೂಟ್-ಥ್ರೂ.

ಅದಕ್ಕೇ ಸತ್ತ ಮಾಸ್‌ಫೆಟ್‌ಗಳು ಕೂತಿದ್ದ ಜಾಗವೇ ಅರ್ಧ ಕಥೆ ಹೇಳುತ್ತದೆ. ಮೀಟರನ್ನು ಡಯೋಡ್ ಮೋಡ್‌ಗೆ ಇಟ್ಟು, ಮಾಸ್‌ಫೆಟ್‌ನ ಗೇಟ್ ಮತ್ತು ಸೋರ್ಸ್ ಕಾಲನ್ನು ಒಮ್ಮೆ ಮುಟ್ಟಿಸಿ ಚಾರ್ಜ್ ಇಳಿಸಿ, ಆಮೇಲೆ ಡ್ರೈನ್ ಮತ್ತು ಸೋರ್ಸ್ ನಡುವೆ ಅಳೆಯಿರಿ. ಚೆನ್ನಾಗಿರುವುದು ಒಂದು ದಿಕ್ಕಿನಲ್ಲಿ 0.4ರಿಂದ 0.6 ವೋಲ್ಟ್ ತೋರಿಸುತ್ತದೆ, ತಿರುಗಿಸಿ ಹಿಡಿದರೆ ಏನೂ ತೋರಿಸುವುದಿಲ್ಲ. ಸತ್ತದ್ದು ಎರಡೂ ಕಡೆ ಸೊನ್ನೆಯ ಹತ್ತಿರ ಇರುತ್ತದೆ, ಬಹಳ ಸಲ ಗೇಟ್ ಕೂಡ ಅದರ ಜೊತೆ ಶಾರ್ಟ್ ಆಗಿರುತ್ತದೆ.

ಮೋಟಾರ್ ಜಾಮ್ ಆಗಿ ಸುಟ್ಟಿದ್ದರೆ ಮೂಲೆಗೆ ಮೂಲೆ, ಅಂದರೆ ಎಡ ಮೇಲಿನದು ಮತ್ತು ಬಲ ಕೆಳಗಿನದು, ಹೀಗೆ ಹೋಗಿರುತ್ತವೆ. ಕರೆಂಟು ಹರಿಯುವ ದಾರಿ ಅದೇ ಅಲ್ವಾ. ಈ ಬೋರ್ಡಿನಲ್ಲಿ ಬಲ ಲೆಗ್‌ನ ಎರಡೂ ಸತ್ತಿದ್ದವು, ಎಡ ಲೆಗ್ ಹೊಸದರಂತೆ ಇತ್ತು. ಹಿಂದಿನ ಸಲವೂ ಬಲ ಲೆಗ್ಗೇ ಹೋಗಿದ್ದು ಅಂತ ಹುಡುಗ ಹೇಳಿದ. ಅವನ ಪ್ರೋಗ್ರಾಂನಲ್ಲಿ ಬೇಗ ಬೇಗ ಆನ್-ಆಫ್ ಮಾಡಿ ನಿಧಾನಕ್ಕೆ ಮುಚ್ಚಿಸುವ ಪಿಡಬ್ಲ್ಯುಎಂ ಇದ್ದದ್ದು ಬಲ ಲೆಗ್‌ನ ಪಿನ್‌ಗೆ ಮಾತ್ರ. ಎಡ ಲೆಗ್ ಸುಮ್ನೆ ಒಂದೇ ಸ್ಥಿತಿಯಲ್ಲಿ ನಿಂತಿರುತ್ತಿತ್ತು.

ಇಲ್ಲೇ ಇನ್ನೊಂದು ಮಾತು. ಪವರ್ ವಿಂಡೋ ಮೋಟಾರ್ ಬದಲು ಗುಜರಿಯಿಂದ ವೈಪರ್ ಮೋಟಾರ್ ತಂದಿದ್ದರೆ, ಬ್ರಿಡ್ಜ್‌ಗೆ ಕೈ ಹಾಕುವ ಮುಂಚೆ ಮೋಟಾರ್‌ನ ಮೈಗೂ ವೈರ್‌ಗಳಿಗೂ ಕಂಟಿನ್ಯೂಟಿ ನೋಡಿ. ಬಹಳಷ್ಟು ವೈಪರ್ ಮೋಟಾರ್‌ಗಳಲ್ಲಿ ಒಂದು ಬ್ರಷ್ ಮೈಗೇ ಅರ್ಥ್ ಆಗಿರುತ್ತದೆ. ಅಂಥದ್ದನ್ನು ಕಬ್ಬಿಣದ ಫ್ರೇಮಿಗೆ ಬೋಲ್ಟ್ ಮಾಡಿ, ಆ ಫ್ರೇಮ್ ಬ್ಯಾಟರಿ ಮೈನಸ್‌ಗೆ ತಾಗಿದ್ದರೆ, ದಿಕ್ಕು ಬದಲಿಸಿದ ಕ್ಷಣವೇ ಮೇಲಿನ ಸ್ವಿಚ್ ನೇರ ಶಾರ್ಟ್. ಅದು ಬೇರೆಯೇ ಕಾಯಿಲೆ. ಪ್ರೋಗ್ರಾಂ ಎಷ್ಟು ತಿದ್ದಿದರೂ ಹೋಗುವುದಿಲ್ಲ.

ಬಲ್ಬ್ ಪರೀಕ್ಷೆ

ನನ್ನ ಹತ್ತಿರ ಆಸಿಲೋಸ್ಕೋಪ್ ಇದೆ, ಆದರೆ ಈ ದೋಷಕ್ಕೆ ಅದು ಬೇಕಿಲ್ಲ. ಕಾರಿನ ಇಂಡಿಕೇಟರ್‌ಗೆ ಹಾಕುವ 12 ವೋಲ್ಟ್ 21 ವಾಟ್ ಬಲ್ಬ್ ಸಾಕು. ಮೋಟಾರನ್ನು ಪೂರ್ತಿ ಬಿಚ್ಚಿ ಪಕ್ಕಕ್ಕಿಡಿ. ಬ್ಯಾಟರಿ ಪ್ಲಸ್ಸಿನಿಂದ ಬ್ರಿಡ್ಜ್‌ಗೆ ಹೋಗುವ ತಂತಿಯನ್ನು ಕತ್ತರಿಸಿ ನಡುವೆ ಈ ಬಲ್ಬ್ ಸೇರಿಸಿ. ಆರ್ಡುಯಿನೋಗೆ ಮಾತ್ರ ಬೇರೆ ಸಪ್ಲೈ ಕೊಡಿ, ಗ್ರೌಂಡ್ ಒಂದೇ ಇರಲಿ. ಈಗ ಬ್ರಿಡ್ಜ್‌ನಲ್ಲಿ ಏನೇ ಶಾರ್ಟ್ ಆದರೂ ಸುಮಾರು ಒಂದೂಮುಕ್ಕಾಲು ಆಂಪಿಯರ್‌ಗಿಂತ ಜಾಸ್ತಿ ನಿಲ್ಲುವುದಿಲ್ಲ. ಬಲ್ಬ್ ಉರಿಯುತ್ತದೆ, ಮಾಸ್‌ಫೆಟ್ ಉಳಿಯುತ್ತದೆ.

ಮೋಟಾರೇ ಇಲ್ಲದ ಬ್ರಿಡ್ಜ್ ಯಾವ ಸ್ಥಿತಿಯಲ್ಲೂ ಹೇಳಿಕೊಳ್ಳುವಷ್ಟು ಕರೆಂಟು ಎಳೆಯಬಾರದು. ಆದ್ದರಿಂದ ಬಲ್ಬ್ ಯಾವಾಗಲೂ ಕಪ್ಪಗೇ ಇರಬೇಕು. ಮೊದಲು ಪಿಡಬ್ಲ್ಯುಎಂ ಇಲ್ಲದೆ ಒಂದೊಂದೇ ಸ್ಥಿತಿಯನ್ನು ಐದು ಸೆಕೆಂಡು ಹಿಡಿದಿಡಿ: ತೆರೆ, ಮುಚ್ಚು, ಬ್ರೇಕ್. ಇದರಲ್ಲಿ ಯಾವುದಾದರೂ ಒಂದರಲ್ಲಿ ಬಲ್ಬ್ ಫುಲ್ ಉರಿದರೆ ಮಾಸ್‌ಫೆಟ್ ಸತ್ತಿದೆ ಅಥವಾ ವೈರಿಂಗ್ ತಪ್ಪಿದೆ. ನಿಂತ ಸ್ಥಿತಿಗಳಲ್ಲಿ ಕಪ್ಪಗಿದ್ದು, ಪಿಡಬ್ಲ್ಯುಎಂ ಶುರುವಾದಾಗ ಮಾತ್ರ ಉರಿದರೆ ಬಿಡಿಭಾಗಗಳು ಸರಿ ಇವೆ, ಸಮಯ ತಪ್ಪಿದೆ. ಒಂದು ಆಫ್ ಆಗುವ ಮೊದಲೇ ಇನ್ನೊಂದು ಆನ್ ಆಗುತ್ತಿದೆ ಅಂತ ಅರ್ಥ.

ಬಲ ಲೆಗ್‌ಗೆ ಹೊಸ ಜೋಡಿ ಹಾಕಿ ಹೀಗೇ ಮಾಡಿದೆವು. ತೆರೆ, ಕಪ್ಪು. ಮುಚ್ಚು, ಕಪ್ಪು. ಬ್ರೇಕ್, ಕಪ್ಪು. `analogWrite(10, 128)` ಕೊಟ್ಟ ಕೂಡಲೇ ಬಲ್ಬಿನೊಳಗಿನ ತಂತಿ ಬೀಡಿ ತುದಿಯಂತೆ ಕೆಂಪಗಾಯಿತು. ಅರ್ಧ ನಿಮಿಷ ಬಿಟ್ಟು ಬೆರಳಿಟ್ಟರೆ ಬಲ ಲೆಗ್‌ನ ಎರಡೂ ಬೆಚ್ಚಗೆ, ಎಡದವು ತಣ್ಣಗೆ. ಹುಡುಗ ಬಲ್ಬನ್ನೂ ಪಕ್ಕಕ್ಕಿಟ್ಟಿದ್ದ ಮೋಟಾರನ್ನೂ ನೋಡುತ್ತಾ, "ಮೋಟರ್ ಇಲ್ಲದ ಕರೆಂಟ್ ಎಲ್ಲಿ ಹೋಗಾಕತ್ತೈತಿ?" ಅಂದ. ಅವನು ಕೇಳಬೇಕಾಗಿದ್ದ ಪ್ರಶ್ನೆ ಅದೇ.

ಎಲ್ಲಿ ಸಮಯ ತಪ್ಪಿತು

ಅವನ ಸರ್ಕ್ಯೂಟ್ ನೋಡಿದರೆ ಉತ್ತರ ಸಿಗುತ್ತದೆ. ಮೇಲೆ ಪಿ-ಚಾನೆಲ್ ಐಆರ್‌ಎಫ್ 4905, ಕೆಳಗೆ ಎನ್-ಚಾನೆಲ್ ಐಆರ್‌ಎಫ್‌ಝಡ್ 44ಎನ್. ಒಂದು ಲೆಗ್‌ನ ಎರಡೂ ಗೇಟ್‌ಗಳನ್ನು ಒಟ್ಟಿಗೆ ಕಟ್ಟಿ, 10 ಕಿಲೋ ಓಮ್ ರೆಸಿಸ್ಟರ್‌ನಿಂದ 12 ವೋಲ್ಟ್‌ಗೆ ಎತ್ತಿದ್ದ. ಕೆಳಕ್ಕೆ ಎಳೆಯಲು ಒಂದು ಬಿಸಿ 547 ಟ್ರಾನ್ಸಿಸ್ಟರ್. (ಅದರ ಹೆಸರಷ್ಟೇ ಬಿಸಿ, ಇಡೀ ಬೋರ್ಡಿನಲ್ಲಿ ತಣ್ಣಗಿದ್ದದ್ದು ಅದೊಂದೇ.) ಟ್ರಾನ್ಸಿಸ್ಟರ್ ಆನ್ ಆದರೆ ಗೇಟ್‌ಗಳು ಸೊನ್ನೆಗೆ ಇಳಿದು ಮೇಲಿನದು ಆನ್. ಆಫ್ ಆದರೆ ಗೇಟ್‌ಗಳು 12ಕ್ಕೆ ಏರಿ ಕೆಳಗಿನದು ಆನ್. ಒಂದು ಪಿನ್‌ನಲ್ಲಿ ಒಂದು ಲೆಗ್ ಮುಗಿಯಿತು, ನೋಡಲು ಬಹಳ ಚೆಂದ.

ತೊಂದರೆ ಇರುವುದು ಗೇಟ್ ಸೊನ್ನೆಯಿಂದ 12ಕ್ಕೆ ಏರುವ ದಾರಿಯಲ್ಲಿ. ಕೆಳಗಿನ ಮಾಸ್‌ಫೆಟ್ ಸುಮಾರು 3 ವೋಲ್ಟ್‌ಗೇ ಆನ್ ಆಗಲು ಶುರು ಮಾಡುತ್ತದೆ. ಮೇಲಿನದು ಆಫ್ ಆಗುವುದು ಗೇಟ್ 9 ವೋಲ್ಟ್ ದಾಟಿದ ಮೇಲೆ, ಯಾಕೆಂದರೆ ಅದಕ್ಕೆ 12ರಿಂದ ಲೆಕ್ಕ. 3ರಿಂದ 9ರವರೆಗೆ ಎರಡೂ ಬಾಗಿಲು ತೆರೆದೇ ಇರುತ್ತವೆ. ಈ ದೂರ ದಾಟಲು ಎಷ್ಟು ಹೊತ್ತು? ಮೇಲಿನದರ ಗೇಟ್ ಕೆಪಾಸಿಟಿ ಸುಮಾರು 3400 ಪಿಕೋಫ್ಯಾರಡ್, ಕೆಳಗಿನದರದ್ದು ಸುಮಾರು 1470. ಒಟ್ಟು 4.9 ನ್ಯಾನೋಫ್ಯಾರಡ್ ಅಂತ ಹಿಡಿಯೋಣ.

```
R × C = 10 kΩ × 4.9 nF = 49 µs
t = R × C × ln((12 − 3) / (12 − 9)) = 49 × 1.1 ≈ 54 µs
```

ಇದು ಕಮ್ಮಿಯೆಂದರೆ ಇಷ್ಟು. ಡ್ರೈನ್ ವೋಲ್ಟೇಜ್ ಬದಲಾಗುವಾಗ ಗೇಟ್ ಇನ್ನಷ್ಟು ಚಾರ್ಜ್ ಕೇಳುತ್ತದೆ, ಅದಕ್ಕೆ ಮಿಲ್ಲರ್ ಎಫೆಕ್ಟ್ ಅನ್ನುತ್ತಾರೆ. ಅದೂ ಸೇರಿದರೆ 100 ಮೈಕ್ರೋಸೆಕೆಂಡ್ ಅಂದುಕೊಂಡರೂ ತಪ್ಪಿಲ್ಲ. ಇಳಿಯುವಾಗ ಈ ತೊಂದರೆ ಅಷ್ಟಿಲ್ಲ. ಟ್ರಾನ್ಸಿಸ್ಟರ್ ಜೋರಾಗಿ ಎಳೆಯುತ್ತದೆ, ಎತ್ತುವ ರೆಸಿಸ್ಟರ್ ಮಾತ್ರ ಸೋಮಾರಿ.

ಆ 100 ಮೈಕ್ರೋಸೆಕೆಂಡ್‌ನಲ್ಲಿ 40 ಆಂಪಿಯರ್ ಹರಿಯಿತು ಅಂತ ಸುಮ್ನೆ ಒಂದು ಅಂದಾಜು ಹಾಕಿ. 12 ವೋಲ್ಟ್‌ಗೆ ಗುಣಿಸಿದರೆ ಒಂದು ಸಲಕ್ಕೆ 48 ಮಿಲಿಜೌಲ್. ಒಂದೇ ಸಲವಾದರೆ ಮಾಸ್‌ಫೆಟ್ ತಡೆದುಕೊಳ್ಳುತ್ತದೆ. ಆದರೆ ಆರ್ಡುಯಿನೋದ 9, 10ನೇ ಪಿನ್‌ಗಳ ಪಿಡಬ್ಲ್ಯುಎಂ ಸೆಕೆಂಡಿಗೆ 490 ಸಲ. ಹತ್ತಿರ ಹತ್ತಿರ 23 ವಾಟ್ ಆಯಿತು. 25 ವಾಟಿನ ಸೋಲ್ಡರಿಂಗ್ ಐರನ್ ಎಷ್ಟು ಕಾಯುತ್ತದೆ ಅಂತ ಗೊತ್ತಲ್ಲ, ಅದನ್ನು ಹೀಟ್‌ಸಿಂಕ್ ಇಲ್ಲದ ಒಂದು ಲೆಗ್‌ನೊಳಗೆ ಇಟ್ಟಂತೆ. ಗೇಟು ಪೂರ್ತಿ ವೇಗದಲ್ಲಿ ತೆರೆಯುವಾಗ ಏನೂ ಆಗದೆ, ನಿಧಾನಕ್ಕೆ ಮುಚ್ಚುವಾಗಲೇ ಹೊಗೆ ಬಂದದ್ದು ಇದಕ್ಕೇ.

ಈ ಜೋಡಿ-ಗೇಟ್ ಸರ್ಕ್ಯೂಟ್‌ನಲ್ಲಿ ಪ್ರೋಗ್ರಾಂ ತಿದ್ದಿ ಏನೂ ಸಾಧಿಸಲಾಗದು. ನಡುವೆ ಗ್ಯಾಪ್ ಕೊಡಬೇಕೆಂದರೆ ಎರಡನ್ನೂ ಆಫ್ ಮಾಡುವ ಒಂದು ಸ್ಥಿತಿ ಬೇಕು. ಇಲ್ಲಿ ಅಂಥ ಸ್ಥಿತಿಯೇ ಇಲ್ಲ, ಮೇಲಿನದು ಇಲ್ಲವೇ ಕೆಳಗಿನದು ಆನ್ ಇದ್ದೇ ಇರುತ್ತದೆ.

ರಿಪೇರಿ

ಗೇಟ್‌ಗಳನ್ನು ಬಿಡಿಸಿ ನಾಲ್ಕಕ್ಕೂ ನಾಲ್ಕು ಪಿನ್ ಕೊಟ್ಟೆವು. ಮೇಲಿನ ಎರಡಕ್ಕೆ ಬಿಸಿ 547 ಹಾಗೇ ಇರಲಿ, ಆದರೆ 10 ಕಿಲೋ ಓಮ್ ಬದಲು 1 ಕಿಲೋ ಓಮ್. ಆಗ ಆಫ್ ಆಗುವ ಹೊತ್ತು ಹತ್ತನೇ ಒಂದಕ್ಕೆ ಇಳಿಯುತ್ತದೆ. ರೆಸಿಸ್ಟರ್‌ನಲ್ಲಿ ಹರಿಯುವುದು 12 ಮಿಲಿಆಂಪಿಯರ್, ಕಾಲು ವಾಟಿನದು ಸಾಕು. ಕೆಳಗಿನವಕ್ಕೆ ಪಿನ್‌ನಿಂದ ನೇರವಾಗಿ 220 ಓಮ್ ಮೂಲಕ ಗೇಟ್, ಮತ್ತು ಗೇಟ್‌ನಿಂದ ಗ್ರೌಂಡ್‌ಗೆ 10 ಕಿಲೋ ಓಮ್. ಈ ಕೊನೆಯದನ್ನು ಬಿಡಬೇಡಿ. ಆರ್ಡುಯಿನೋ ರಿಸೆಟ್ ಆದ ಹೊತ್ತಿನಲ್ಲಿ ಅದರ ಪಿನ್‌ಗಳು ಯಾವ ಕಡೆಗೂ ಇಲ್ಲದೆ ತೇಲುತ್ತವೆ. ತೇಲುವ ಗೇಟ್ ಅರೆಬರೆ ಆನ್ ಆಗುವ ಗೇಟ್.

ಪ್ರೋಗ್ರಾಂನ ತಿರುಳು ಇಷ್ಟೇ:

```cpp
const byte HA = 7, LA = 9, HB = 8, LB = 10;

void allOff() {
  digitalWrite(HA, LOW);
  digitalWrite(HB, LOW);
  digitalWrite(LA, LOW);
  digitalWrite(LB, LOW);
  delayMicroseconds(500);
}

void brake() {
  allOff();
  digitalWrite(LA, HIGH);
  digitalWrite(LB, HIGH);
}

void closeGate(byte speed) {
  allOff();
  digitalWrite(HB, HIGH);
  analogWrite(LA, speed);
}
```

ತೆರೆಯುವುದಕ್ಕೆ ಇದರ ಕನ್ನಡಿ: `HA` ಆನ್, `LB`ಗೆ ಪಿಡಬ್ಲ್ಯುಎಂ. ಯಾವ ಸ್ಥಿತಿಯಿಂದ ಯಾವುದಕ್ಕೆ ಹೋಗಬೇಕಾದರೂ `allOff()` ಬಾಗಿಲಿನಿಂದಲೇ ದಾಟಬೇಕು. 500 ಮೈಕ್ರೋಸೆಕೆಂಡ್ ಅಂದರೆ ಮಾಸ್‌ಫೆಟ್‌ಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಗೇಟಿನ ತಗಡಿಗೆ ಅದು ಲೆಕ್ಕಕ್ಕೇ ಇಲ್ಲ, ಅದಕ್ಕೇ ಧಾರಾಳವಾಗಿ ಕೊಟ್ಟೆ. ಇವನ್ನು ಸ್ಥಿತಿ ಬದಲಾದಾಗ ಒಮ್ಮೆ ಮಾತ್ರ ಕರೆಯಿರಿ. ಹುಡುಗ ಮೊದಲು `loop()` ಒಳಗೆ ಪ್ರತಿ ಸುತ್ತಿಗೂ ಕರೆದಿದ್ದ. ಮೋಟಾರ್ ಆಗಾಗ ಆಫ್ ಆಗುತ್ತಾ ನಡುಗುತ್ತಿತ್ತು.

ಇಲ್ಲಿ ಇನ್ನೊಂದು ಬದಲಾವಣೆ ಗಮನಿಸಿ. ಮುಚ್ಚುವಾಗ ಪಿಡಬ್ಲ್ಯುಎಂ ಈಗ ಎಡ ಕೆಳಗಿನದಕ್ಕೆ ಮಾತ್ರ. ಅದೇ ಲೆಗ್‌ನ ಮೇಲಿನದು ಮುಚ್ಚುವ ಹೊತ್ತಿನ ಉದ್ದಕ್ಕೂ ಆಫ್. ಕೆಳಗಿನದು ಆಫ್ ಆದ ಗಳಿಗೆಯಲ್ಲಿ ಮೋಟಾರ್‌ನ ಕರೆಂಟು ಎಡ ಮೇಲಿನದರ ಒಳಗಿರುವ ಡಯೋಡ್ ಮೂಲಕ, ಆನ್ ಇರುವ ಬಲ ಮೇಲಿನದರ ಮೂಲಕ ಸುತ್ತು ಹಾಕುತ್ತದೆ. ಒಂದೇ ಲೆಗ್‌ನ ಎರಡು ಸ್ವಿಚ್‌ಗಳು ಸೆಕೆಂಡಿಗೆ 490 ಸಲ ಕೈ ಬದಲಿಸುವ ಪ್ರಸಂಗವೇ ಇಲ್ಲ. ಡಯೋಡ್‌ನಲ್ಲಿ ಒಂದು ವೋಲ್ಟ್‌ನಷ್ಟು ನಷ್ಟವಾಗುತ್ತದೆ, ನಾಲ್ಕೈದು ಆಂಪಿಯರ್‌ಗೆ ಒಂದು ಪುಟ್ಟ ಹೀಟ್‌ಸಿಂಕ್ ಸಾಕು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ, ಮಿಲ್‌ನ ತಗಡಿನ ಶೀಟ್ ಕೆಳಗೆ, ಅದಿಲ್ಲದೆ ಬೇಡ.

ಮತ್ತೆ ಬಲ್ಬ್ ಹಾಕಿ ನೋಡಿದೆವು. ಪಿಡಬ್ಲ್ಯುಎಂ 10, 128, 250. ಕಪ್ಪು.

ಬಲ್ಬ್ ಕಪ್ಪು, ಆದರೂ ಬಿಸಿ

ಬಲ್ಬ್ ತೆಗೆದು ಆ ಜಾಗಕ್ಕೆ 15 ಆಂಪಿಯರ್ ಫ್ಯೂಸ್ ಹಾಕಿ ಮೋಟಾರ್ ಕೂಡಿಸಿದರೆ ಕೆಳಗಿನ ಮಾಸ್‌ಫೆಟ್‌ಗಳು ಮತ್ತೆ ಕಾದವು. ಹುಡುಗನ ಮುಖ ಸಪ್ಪಗಾಯಿತು. ಆದರೆ ಇದು ಆ ಕಾಯಿಲೆಯಲ್ಲ. ಮೋಟಾರ್ ಬಿಚ್ಚಿದರೆ ತಣ್ಣಗಾಗುತ್ತಿತ್ತು. ಮೋಟಾರ್ ಇಲ್ಲದೆಯೂ ಬಿಸಿಯಾದರೆ ಶೂಟ್-ಥ್ರೂ. ಮೋಟಾರ್ ಕರೆಂಟಿನ ಜೊತೆ ಬಿಸಿ ಏರಿದರೆ ಸ್ವಿಚ್ ಪೂರ್ತಿ ಆನ್ ಆಗುತ್ತಿಲ್ಲ.

ಮೊದಲಿನ ಸರ್ಕ್ಯೂಟ್‌ನಲ್ಲಿ ಕೆಳಗಿನ ಗೇಟ್‌ಗೆ 12 ವೋಲ್ಟ್ ಸಿಗುತ್ತಿತ್ತು. ಈಗ ಪಿನ್‌ನಿಂದ ಬರುವುದು 5 ವೋಲ್ಟ್. ಐಆರ್‌ಎಫ್‌ಝಡ್ 44ಎನ್‌ನ ಡೇಟಾಶೀಟ್‌ನಲ್ಲಿರುವ 17.5 ಮಿಲಿಓಮ್ ಗೇಟ್‌ಗೆ 10 ವೋಲ್ಟ್ ಕೊಟ್ಟರೆ ಮಾತ್ರ. ಅದರಲ್ಲೇ ಬರೆದಿರುವ 2ರಿಂದ 4 ವೋಲ್ಟ್ ಥ್ರೆಶೋಲ್ಡ್ ಅಂದರೆ ಬಾಗಿಲು ಸಂದು ಬಿಡುವ ವೋಲ್ಟೇಜ್, ಪೂರ್ತಿ ತೆರೆಯುವುದಲ್ಲ. ಅದರ ಬದಲು ಐಆರ್‌ಎಲ್‌ಝಡ್ 44ಎನ್ ಹಾಕಿದೆ. ಎಫ್ ಬದಲು ಎಲ್, ಕಾಲುಗಳು ಅದೇ, 5 ವೋಲ್ಟ್‌ಗೆ 25 ಮಿಲಿಓಮ್. ಬಿಸಿ ನಿಂತಿತು. ಕೊಳ್ಳುವಾಗ ಆ ಒಂದು ಅಕ್ಷರ ನೋಡಿ ಕೊಳ್ಳಿ, ಅಂಗಡಿಯವರು "ಎರಡೂ ಒಂದೇ" ಅಂದರೆ ನಂಬಬೇಡಿ.

ಬ್ರೇಕ್ ಹಾಕದೆ ತಿರುಗಿಸಿದರೆ

ಅವನ ಹಳೆ ಪ್ರೋಗ್ರಾಂನಲ್ಲಿ ಮುಚ್ಚುತ್ತಿರುವ ಮೋಟಾರ್‌ಗೆ ನೇರವಾಗಿ ತೆರೆಯುವ ಆಜ್ಞೆ ಹೋಗುತ್ತಿತ್ತು. ಶೂಟ್-ಥ್ರೂ ಹೋದ ಮೇಲೂ ಇದೊಂದು ಉಳಿದಿತ್ತು. ಹೀಗೆ ತಿರುಗಿಸಿದಾಗ ಒಮ್ಮೊಮ್ಮೆ ಆರ್ಡುಯಿನೋ ರಿಸೆಟ್ ಆಗುತ್ತಿತ್ತು.

ಮೋಟಾರ್‌ನ ವೈಂಡಿಂಗ್ ಓಮ್ ಅಳೆಯಲು ಮೀಟರ್‌ನ ಓಮ್ ರೇಂಜ್ ನಂಬಲಾಗದು. ಅದೇ ಬಲ್ಬನ್ನು ಮೋಟಾರ್ ಜೊತೆ ಸೀರೀಸ್‌ನಲ್ಲಿ ಹಾಕಿ, ಮೋಟಾರ್ ತಿರುಗದಂತೆ ಹಿಡಿದು ಅಳೆದೆವು. 1.6 ಆಂಪಿಯರ್ ಹರಿಯುವಾಗ ಮೋಟಾರ್ ಮೇಲೆ 1.3 ವೋಲ್ಟ್, ಅಂದರೆ ಸುಮಾರು 0.8 ಓಮ್. ಪೂರ್ತಿ ವೇಗದಲ್ಲಿ ಓಡುವ ಮೋಟಾರ್ ತಾನೇ ಸುಮಾರು 11 ವೋಲ್ಟ್ ಹುಟ್ಟಿಸುತ್ತಿರುತ್ತದೆ. ಬ್ರೇಕ್ ಹಾಕಿದರೆ ಆ 11 ವೋಲ್ಟ್ 0.8 ಓಮ್‌ನಲ್ಲಿ ಸುತ್ತುತ್ತದೆ, 14 ಆಂಪಿಯರ್. ಅದೂ ಬ್ಯಾಟರಿ ಮುಟ್ಟದೆ, ಕೆಳಗಿನ ಎರಡು ಸ್ವಿಚ್‌ಗಳ ನಡುವೆಯೇ. ನೇರವಾಗಿ ಉಲ್ಟಾ ಕೊಟ್ಟರೆ ಬ್ಯಾಟರಿಯ 12 ಮತ್ತು ಮೋಟಾರ್‌ನ 11 ಕೂಡಿ 23 ವೋಲ್ಟ್, ಸುಮಾರು 29 ಆಂಪಿಯರ್. ಅಷ್ಟೂ ಬ್ಯಾಟರಿಯ ಎರಡು ಮೀಟರ್ ತೆಳು ವೈರ್‌ನಿಂದ ಬರಬೇಕು. ವೋಲ್ಟೇಜ್ ಕುಸಿಯುತ್ತದೆ, ಆರ್ಡುಯಿನೋ ಮಲಗಿ ಏಳುತ್ತದೆ.

ದಿಕ್ಕು ಬದಲಿಸುವ ಮುನ್ನ `brake()` ಕರೆದು 300 ಮಿಲಿಸೆಕೆಂಡ್ ಕಾಯುವಂತೆ ಮಾಡಿದೆವು. ಬ್ರಿಡ್ಜ್‌ನ ಕಾಲಿಗೇ ಅಂಟಿಸಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಹಾಕಿದೆವು. ರಿಸೆಟ್ ನಿಂತಿತು. ವೇಗ ಇಳಿದಂತೆ ಈ ಬ್ರೇಕಿನ ಹಿಡಿತವೂ ಇಳಿಯುತ್ತದೆ, ನಿಂತ ಮೇಲೆ ಅದು ಏನನ್ನೂ ಹಿಡಿದಿಡುವುದಿಲ್ಲ. ಇಲ್ಲಿ ಅಕ್ಕಿಯ ಭಾರಕ್ಕೆ ಗೇಟು ಜಾರದಂತೆ ಹಿಡಿಯುವುದು ಮೋಟಾರ್‌ನ ವರ್ಮ್ ಗೇರ್.

ವಾರದ ನಂತರ ಸಾವ್ಕಾರ್ರೇ ಫೋನ್ ಮಾಡಿದರು. ಗೇಟು ಚೆನ್ನಾಗಿ ನಡೀತಿದೆ, ಲಾರಿಯ 24 ವೋಲ್ಟ್ ಕೊಟ್ಟರೆ ಇನ್ನೂ ಜೋರಾಗಿ ತೆರೆಯುತ್ತದಾ ಅಂತ. ಬೇಡ ಅಂದೆ. ಐಆರ್‌ಎಫ್ 4905ರ ಗೇಟ್ ತಡೆಯುವುದು 20 ವೋಲ್ಟ್, ಈ ಸರ್ಕ್ಯೂಟ್‌ನಲ್ಲಿ ಅದಕ್ಕೆ ಪೂರ್ತಿ 24 ಬೀಳುತ್ತದೆ. ಅಷ್ಟೇ ಅಲ್ಲ, ಕೆಳಗಿನದು ಗಕ್ಕನೆ ಆನ್ ಆದಾಗ ಮೇಲಿನ ಮಾಸ್‌ಫೆಟ್‌ನ ಡ್ರೈನ್ ದಿಢೀರ್ ಕೆಳಗಿಳಿಯುತ್ತದೆ. ಒಳಗಿನ ಕೆಪಾಸಿಟಿಯಿಂದ ಅದರ ಗೇಟನ್ನೂ ಒಂದಿಷ್ಟು ಎಳೆಯುತ್ತದೆ. 12 ವೋಲ್ಟ್‌ನಲ್ಲಿ ಆ ಎಳೆತ ಎರಡೂಕಾಲು ವೋಲ್ಟ್‌ನ ಆಸುಪಾಸು, ಥ್ರೆಶೋಲ್ಡ್‌ನ ಅಂಚಿನಲ್ಲೇ ನಿಲ್ಲುತ್ತದೆ. 24 ಆದರೆ ದುಪ್ಪಟ್ಟು, ಆಫ್ ಇರಬೇಕಾದದ್ದು ತಾನಾಗೇ ಆನ್ ಆಗಿ ಮತ್ತೆ ಶೂಟ್-ಥ್ರೂ. 24 ವೋಲ್ಟೇ ಬೇಕೆಂದರೆ ನಾಲ್ಕೂ ಎನ್-ಚಾನೆಲ್ ಹಾಕಿ, ಲೆಗ್‌ಗೆ ಒಂದರಂತೆ ಐಆರ್ 2104 ಡ್ರೈವರ್ ಹಾಕಿ ಬೇರೆ ಬೋರ್ಡ್ ಮಾಡಬೇಕು. ಅದರೊಳಗೇ ಅರ್ಧ ಮೈಕ್ರೋಸೆಕೆಂಡ್‌ನ ಗ್ಯಾಪ್ ಇದೆ. ಆದರೆ ಮೇಲಿನ ಸ್ವಿಚ್ಚನ್ನು ಸದಾ ಆನ್ ಇಟ್ಟರೆ ಅದರ ಬೂಟ್‌ಸ್ಟ್ರ್ಯಾಪ್ ಕೆಪಾಸಿಟರ್ ಬರಿದಾಗುತ್ತದೆ, ನಮ್ಮ ಈ ಪ್ರೋಗ್ರಾಂ ಅದಕ್ಕೆ ಹಾಗೇ ಹೊಂದುವುದಿಲ್ಲ. "ಹಂಗಾದ್ರ 12ರ ಮ್ಯಾಲೇ ಇರ್ಲಿ ಬಿಡ್ರಿ" ಅಂದರು.